ನೆರೆ ಪರಿಹಾರ ತಂಡಕ್ಕೆ ಸ್ವಯಂಸೇವಕರು ಬೇಕು: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣಾ ಮತ್ತು ದೂಧಗಂಗಾ ದಂಡೆಯ ಹಳ್ಳಿಗಳಲ್ಲಿ ಕೆಲಸ ಮಾಡುವ ಸಣ್ಣ ತಂಡ. 2019ರ ಆಗಸ್ಟ್‌ನಲ್ಲಿ ನೆರೆ ಬಂದಾಗ ಒಬ್ಬರಿಗೊಬ್ಬರು ಗುರುತಿಲ್ಲದ ಕೆಲವರು ಒಂದೇ ಓಣಿಯಲ್ಲಿ ಕೆಸರು ಎತ್ತಿದೆವು. ಅಲ್ಲಿಂದ ಶುರುವಾದದ್ದು ಇದು. ಈ ವರ್ಷವೂ ಜನ ಬೇಕು. ಫೋನಿನಲ್ಲಿ, ಪತ್ರದಲ್ಲಿ, ಸಂತೆಯಲ್ಲಿ ಸಿಕ್ಕಾಗ ನೀವು ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಇಲ್ಲಿ ಇಟ್ಟಿದ್ದೇವೆ. ಓದಿ ನೋಡಿ, ನಿಮಗೆ ಆಗುತ್ತದೆ ಅನ್ನಿಸಿದರೆ ಹೆಸರು ಕೊಡಿ. ಆಗುವುದಿಲ್ಲ ಅನ್ನಿಸಿದರೆ ಅದನ್ನೂ ಈಗಲೇ ಹೇಳಿಬಿಡಿ. ಬೇಜಾರಿಲ್ಲ.

## ಮೊದಲ ಪ್ರಶ್ನೆಗಳು

ನಮ್ಮ ಕಡೆ ಮಳೆನೇ ಇಲ್ಲ, ಬಿಸಿಲು ಹೊಡೀತಿದೆ. ಆದ್ರೂ ನೆರೆ ಅಂತೀರಲ್ಲ, ಹೇಗೆ?

ಇದನ್ನು ಬೆಂಗಳೂರು, ಮೈಸೂರು ಕಡೆಯವರು ಜಾಸ್ತಿ ಕೇಳುತ್ತಾರೆ. ಇಲ್ಲಿನ ನೆರೆಯನ್ನು ತರುವುದು ಇಲ್ಲಿನ ಮಳೆ ಅಲ್ಲ. ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ, ಮಹಾಬಳೇಶ್ವರ, ಕೊಯ್ನಾ ಕಡೆ ಮಳೆ ಸುರಿಯುತ್ತದೆ. ಆ ನೀರು ಸಾಂಗಲಿ ದಾಟಿ ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಯಲ್ಲಿ ನಮ್ಮ ಕಡೆ ಬರುತ್ತದೆ. ಕಾಳಮ್ಮವಾಡಿ ಅಣೆಕಟ್ಟಿನ ಕಡೆಯಿಂದ ದೂಧಗಂಗಾ ಬರುತ್ತದೆ. ಎರಡೂ ಕೂಡಿದ ಮೇಲೆ ಕಲ್ಲೋಳದ ಹತ್ತಿರ ನೀರಿನ ಮಟ್ಟ ನೋಡಬೇಕು.

ಇದರಿಂದ ಒಂದು ಅನುಕೂಲ ಇದೆ. ಕೊಡಗಿನ ಗುಡ್ಡ ಕುಸಿತದ ಹಾಗೆ ಇಲ್ಲಿ ನಿಮಿಷದಲ್ಲಿ ಏನೂ ಆಗುವುದಿಲ್ಲ. ನೀರು ನಿಧಾನ ಏರುತ್ತದೆ. ಮೊದಲು ಕಲ್ಲೋಳ-ಯಡೂರ ಸೇತುವೆಯಂಥ ತಗ್ಗಿನ ಸೇತುವೆಗಳು ಮುಳುಗುತ್ತವೆ. ಆಮೇಲೆ ಹೊಳೆದಂಡೆಯ ಕಬ್ಬು, ಆಮೇಲೆ ತೋಟದ ಮನೆ, ಕೊನೆಗೆ ಊರು. ಕೆಟ್ಟದ್ದೇನೆಂದರೆ, ಬಂದ ನೀರು ಹೋಗುವುದೂ ನಿಧಾನ. ಮನೆಯೊಳಗೆ ದಿನಗಟ್ಟಲೆ ನಿಲ್ಲುತ್ತದೆ. ನಮ್ಮ ಕೆಲಸದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಯಾವಾಗ ಬರಬೇಕು? ನೀರು ಬಂದ ದಿನವೇ ಹೊರಟು ಬಂದ್ರೆ ಆಗುತ್ತಾ?

ದಯವಿಟ್ಟು ಬರಬೇಡಿ. ನೀರು ಬಂದ ದಿನ ಜನ ಕಡಿಮೆ ಬೀಳುವುದಿಲ್ಲ. ಊರಿನ ಹುಡುಗರು, ಪಂಚಾಯಿತಿಯವರು, ಪೊಲೀಸರು, ಅಕ್ಕಪಕ್ಕದ ಊರಿನವರು ಎಲ್ಲ ಇರುತ್ತಾರೆ. ಟಿವಿಯವರೂ ಇರುತ್ತಾರೆ. ಆ ದಿನ ಹೊರಗಿನಿಂದ ಬಂದ ಹತ್ತು ಕಾರು ಅಂದರೆ ಟ್ರ್ಯಾಕ್ಟರ್‌ಗಳು ಓಡಾಡುವ ಒಂದೇ ದಾರಿ ಕಟ್ಟಿಹೋಯಿತು ಅಂತ ಅರ್ಥ.

ಜನ ಕಡಿಮೆ ಬೀಳುವುದು ನೀರು ಇಳಿದ ಮೂರನೇ ದಿನದಿಂದ. ಆ ಹೊತ್ತಿಗೆ ಸರಿಯಾಗಿ ಸುದ್ದಿಯೂ ಮುಗಿದಿರುತ್ತದೆ, ರಜೆಯೂ ಮುಗಿದಿರುತ್ತದೆ. ಊರಿನವರು ತಾವು ತಂಗಿದ್ದ ಕಾಳಜಿ ಕೇಂದ್ರದಿಂದ ಮನೆಗೆ ಹೋಗಿ ಬಾಗಿಲು ತಳ್ಳುತ್ತಾರೆ. ಒಳಗೆ ಕೆಸರು ಒತ್ತಿಕೊಂಡು ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ನಮಗೆ ನೀವು ಬೇಕಾಗಿರುವುದು ಅವತ್ತು, ಮತ್ತು ಅಲ್ಲಿಂದ ಸುಮಾರು ಮೂರು ವಾರ.

ನನಗೆ ಶನಿವಾರ, ಭಾನುವಾರ ಮಾತ್ರ ಬಿಡುವು. ಎಷ್ಟು ದಿನ ಕೊಡಬೇಕು?

ಮೂರು ಹೊತ್ತಿನ ಕೆಲಸ ಇದೆ. ಮೂರಕ್ಕೂ ಬರಬೇಕಿಲ್ಲ, ಒಂದನ್ನು ಆರಿಸಿಕೊಳ್ಳಿ.

ಮೊದಲನೆಯದು ನೆರೆಗೆ ಮುಂಚಿನದು. ಜೂನ್‌ನಲ್ಲಿ ಎರಡು ಭಾನುವಾರ, ದಿನಕ್ಕೆ ಆರು ಗಂಟೆ. ಒಂದು ಭಾನುವಾರ ತರಬೇತಿ. ಇನ್ನೊಂದು ಭಾನುವಾರ ಹೊಳೆದಂಡೆಯ ಓಣಿಗಳಲ್ಲಿ ಮನೆಮನೆಗೆ ಹೋಗಿ ಪಟ್ಟಿ ಬರೆಯುವುದು: ಮನೆಯಲ್ಲಿ ಎಷ್ಟು ಜನ, ನಡೆಯಲಾಗದವರು ಯಾರು, ಬಸುರಿ ಬಾಣಂತಿಯರು ಇದ್ದಾರಾ, ದಿನಾ ಮಾತ್ರೆ ತಗೊಳ್ಳುವವರು ಯಾರು, ದನ ಎಷ್ಟು. ಶನಿವಾರ-ಭಾನುವಾರದವರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ.

ಎರಡನೆಯದು ನೀರು ಬಂದಾಗಿನದು. ಕಾಳಜಿ ಕೇಂದ್ರದಲ್ಲಿ ಮೂರು ದಿನ ಒಂದೇ ಸಮನೆ, ಆರು ಗಂಟೆಯ ಪಾಳಿ. ಜುಲೈ 15ರಿಂದ ಆಗಸ್ಟ್ ಕೊನೆಯ ತನಕ ಯಾವಾಗ ಬೇಕಾದರೂ ಕರೆ ಬರಬಹುದು. ಕೆಲವು ವರ್ಷ ಕರೆ ಬರುವುದೇ ಇಲ್ಲ. ಇದಕ್ಕೆ ಹತ್ತಿರದವರನ್ನು ಮಾತ್ರ ತಗೊಳ್ಳುತ್ತೇವೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಹುಕ್ಕೇರಿ ಕಡೆಯವರು.

ಮೂರನೆಯದು ನೀರು ಇಳಿದ ಮೇಲಿನದು. ನಾಲ್ಕು ದಿನ ಒಟ್ಟಿಗೆ, ಅಥವಾ ಎರಡು ವಾರದ ಶನಿವಾರ-ಭಾನುವಾರ. ಬೆಳಗ್ಗೆ 8ರಿಂದ ಮಧ್ಯಾಹ್ನ 2. ಅದಕ್ಕಿಂತ ಜಾಸ್ತಿ ಹೊತ್ತು ಕೆಸರಲ್ಲಿ ನಿಲ್ಲಿಸುವುದಿಲ್ಲ. ಸುಸ್ತಾದ ಮೇಲೆ ಕೈ ಕಾಲು ಕೊಯ್ದುಕೊಳ್ಳುವುದು ಶುರುವಾಗುತ್ತದೆ.

ಒಂದೇ ದಿನ ಬಂದು ಹೋಗುತ್ತೇನೆ ಅನ್ನುವವರಿಗೆ ಸಾಮಾನ್ಯವಾಗಿ ಬೇಡ ಅನ್ನುತ್ತೇವೆ. ಅರ್ಧ ದಿನ ಕೆಲಸ ಕಲಿಸುವುದರಲ್ಲೇ ಹೋಗುತ್ತದೆ.

ನನಗೆ ಈಜು ಚೆನ್ನಾಗಿ ಬರುತ್ತೆ. ದೋಣಿಯಲ್ಲಿ ಜನರನ್ನ ಕರ್ಕೊಂಡು ಬರೋ ಕೆಲಸ ಕೊಡ್ತೀರಾ?

ಇಲ್ಲ. ನಮ್ಮ ತಂಡ ನೀರಿಗೆ ಇಳಿಯುವುದಿಲ್ಲ. ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಗೊತ್ತಾದರೆ 112ಕ್ಕೆ ಅಥವಾ ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡುತ್ತೇವೆ. ಆಮೇಲೆ ಅಗ್ನಿಶಾಮಕ ದಳ, ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್‌ನವರ ಕೆಲಸ.

ಕೆರೆಯಲ್ಲಿ ಈಜಿದವರಿಗೆ ಹೊಳೆಯ ಸೆಳೆತ ಗೊತ್ತಿರುವುದಿಲ್ಲ. ಹೊಳೆ ಗೊತ್ತಿರುವವರಿಗೂ ನೆರೆ ನೀರಿನ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ತಂತಿ ಬೇಲಿ ಇರುತ್ತದೆ, ಪಂಪ್‌ಸೆಟ್‌ನ ಕೇಬಲ್ ಇರುತ್ತದೆ, ಬಾಯಿ ತೆರೆದ ಬಾವಿ ಇರುತ್ತದೆ. ಈಜು ಬರುತ್ತದೆ ಅನ್ನುವುದನ್ನು ಹೆಸರು ಕೊಡುವಾಗ ಬರೆಯಿರಿ. ಆದರೆ ಅದು ನಿಮ್ಮ ಜೀವ ಉಳಿಸಿಕೊಳ್ಳುವುದಕ್ಕೆ ಮಾತ್ರ.

ಊಟ, ವಸತಿ, ಬಸ್ ಚಾರ್ಜು ಯಾರು ಕೊಡ್ತಾರೆ?

ಕೆಲಸದ ದಿನ ಮಧ್ಯಾಹ್ನದ ಊಟ, ಮಲಗುವ ಜಾಗ ನಮ್ಮದು. ಬಂದು ಹೋಗುವ ಖರ್ಚು ನಿಮ್ಮದು. ಜಾಗ ಅಂದರೆ ಎತ್ತರದ ಊರಿನ ಸಮುದಾಯ ಭವನ, ಚಾಪೆ, ಸೊಳ್ಳೆ ಪರದೆ ಅಷ್ಟೇ. ಹೆಂಗಸರಿಗೆ ಬೇರೆ ಕೋಣೆ, ಬಾಗಿಲು ಭದ್ರ ಇರುವ ಶೌಚಾಲಯ ಸಿಗದಿದ್ದರೆ ಆ ಊರಿಗೆ ಹೆಂಗಸರ ತಂಡ ಕಳಿಸುವುದಿಲ್ಲ. 18 ದಾಟಿರಬೇಕು. ಮರಾಠಿ ಬಂದರೆ ತುಂಬಾ ಒಳ್ಳೆಯದು, ದೂಧಗಂಗಾ ದಂಡೆಯ ಊರುಗಳಲ್ಲಿ ಅಜ್ಜಿಯರ ಜತೆ ಮಾತಾಡುವುದಕ್ಕೆ ಬೇಕೇ ಬೇಕು.

## ಕಾಳಜಿ ಕೇಂದ್ರದ ಕೆಲಸ

ಕಾಳಜಿ ಕೇಂದ್ರವನ್ನ ಸರ್ಕಾರವೇ ನಡೆಸುತ್ತಲ್ಲ, ಅಲ್ಲಿ ನಮಗೇನು ಕೆಲಸ?

ಹೌದು, ಸರ್ಕಾರದ್ದೇ. ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ತೆರೆಯುತ್ತಾರೆ, ದಿನಸಿ ಕೊಡುತ್ತಾರೆ, ಒಬ್ಬ ಅಧಿಕಾರಿಯನ್ನು ಹಾಕಿರುತ್ತಾರೆ. ನಾವು ಅವರ ಕೈಕೆಳಗೆ ಕೆಲಸ ಮಾಡುತ್ತೇವೆ. ಬೇರೆ ಒಲೆ ಹೂಡುವುದಿಲ್ಲ.

ಹೆಚ್ಚಿನ ಕೆಲಸ ಬರೆಯುವುದು, ವಿಚಾರಿಸುವುದು. ಯಾರು ಬಂದರು, ಯಾವ ಓಣಿ, ಎಷ್ಟು ಜನ, ಯಾರು ನೆಂಟರ ಮನೆಗೆ ಹೋದರು. ಜೂನ್‌ನಲ್ಲಿ ಬರೆದ ಪಟ್ಟಿ ಹಿಡಿದು ತಾಳೆ ನೋಡಿದರೆ ಇನ್ನೂ ಬಾರದವರು ಯಾರು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ಮನೆಯಲ್ಲೇ ಬಿಟ್ಟು ಬಂದವರ ಚೀಟಿ ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುವುದು ಎರಡನೇ ಕೆಲಸ. ಎರಡು ದಿನ ಮಾತ್ರೆ ತಪ್ಪಿದವರು ಮೂರನೇ ದಿನ ತಲೆ ತಿರುಗಿ ಬೀಳುವುದುಂಟು. ನೆರೆ ನೀರಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ.

ಊಟದ ಹೊತ್ತಿನಲ್ಲಿ ಒಬ್ಬರು ಸಾಲಿನ ಕೊನೆಯಲ್ಲಿ ನಿಲ್ಲಬೇಕು, ಮುಂದೆ ಅಲ್ಲ. ಸಾಲಿಗೆ ಬಾರದವರು ಅಲ್ಲಿಂದ ಕಾಣುತ್ತಾರೆ. ಊರೂರಿನಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಬರುತ್ತದೆ, ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ, ಒಳ್ಳೆಯದೇ. ಆದರೆ ಹಲ್ಲಿಲ್ಲದ ಅಜ್ಜ ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತಿರುತ್ತಾನೆ. ಯಾರಿಗೂ ಹೇಳುವುದಿಲ್ಲ. ಬಿಸಿ ಸಾರಿನಲ್ಲಿ ರೊಟ್ಟಿ ಮುರಿದು ಹಾಕಿ ಐದು ನಿಮಿಷ ಬಿಟ್ಟು ಕೊಡುವುದು ಕೂಡ ನಿಮ್ಮ ಪಾಳಿಯ ಕೆಲಸ.

ನೀರು ಬರುತ್ತೆ ಅಂತ ಡಂಗುರ ಹೊಡೆದ್ರೂ ಜನ ಯಾಕೆ ಮನೆ ಬಿಡಲ್ಲ? ಅವರನ್ನ ಒಪ್ಪಿಸೋದು ಹೇಗೆ?

ದನ ಇರುವುದರಿಂದ. ಎರಡು ಎಮ್ಮೆ ಇರುವ ಮನೆಯವರಿಗೆ ಶಾಲೆಯಲ್ಲಿ ಜಾಗ ಇದೆ ಅಂತ ಹೇಳಿ ಏನು ಪ್ರಯೋಜನ? ಎಮ್ಮೆಗೆ ಜಾಗ ಎಲ್ಲಿ ಅಂತ ಮೊದಲು ಹೇಳಬೇಕು. ಮೊದಲ ವರ್ಷ ನಾವು ಜನರ ಜತೆ ವಾದ ಮಾಡುತ್ತಿದ್ದೆವು. ಈಗ ವಾದ ಇಲ್ಲ. ದನ ಕಟ್ಟುವ ಎತ್ತರದ ಜಾಗ, ನೀರಿನ ತೊಟ್ಟಿ, ಮೇವು ಮೂರೂ ತಯಾರಿದೆ ಅಂತ ತೋರಿಸಿದರೆ ಹೆಚ್ಚಿನವರು ತಾವಾಗಿಯೇ ಹೊರಡುತ್ತಾರೆ.

ಮೇವಿನ ಲೆಕ್ಕ ಸರಳ. ದೊಡ್ಡ ದನಕ್ಕೆ ದಿನಕ್ಕೆ ಏನಿಲ್ಲವೆಂದರೂ ಐದಾರು ಕಿಲೋ ಒಣ ಮೇವು. 100 ದನಕ್ಕೆ ಐದಾರು ಕ್ವಿಂಟಲ್, ಹತ್ತು ದಿನಕ್ಕೆ ಐವತ್ತರಿಂದ ಅರವತ್ತು. ಹೊಳೆದಂಡೆಯ ಬಣವೆ ನೀರಲ್ಲಿ ಹೋಗಿರುತ್ತದೆ. ಆದ್ದರಿಂದ ಎತ್ತರದ ಊರುಗಳಲ್ಲಿ ಕಣಕಿ, ಹೊಟ್ಟು ಯಾರ ಹತ್ತಿರ ಇದೆ, ಟ್ರ್ಯಾಕ್ಟರ್ ಯಾರದು ಅಂತ ಜೂನ್‌ನಲ್ಲೇ ಬರೆದಿಡುತ್ತೇವೆ. ನೆಂದು ಬೂಸ್ಟು ಹಿಡಿದ ಮೇವನ್ನು ಯಾರು ಪುಣ್ಯಕ್ಕೆ ಕೊಟ್ಟರೂ ಇಳಿಸಿಕೊಳ್ಳಬೇಡಿ. ದನಕ್ಕೆ ಹೊಟ್ಟೆ ಕೆಡುತ್ತದೆ.

ಕೊನೆಗೂ ಒಬ್ಬರು ಹಿಂದೆ ಉಳಿಯುತ್ತಾರೆ, ಸಾಮಾನ್ಯವಾಗಿ ಮನೆಯ ಯಜಮಾನ. ಅವರ ಹೆಸರು, ಮನೆ, ಫೋನ್ ನಂಬರ್ ಬರೆದು ಕೇಂದ್ರದ ಅಧಿಕಾರಿಗೆ ಕೊಡುತ್ತೇವೆ. ಎಳೆದು ತರುವುದು ನಮ್ಮ ಕೆಲಸ ಅಲ್ಲ.

ಆಫೀಸಿನಲ್ಲಿ ಹಳೆ ಬಟ್ಟೆ ಕೂಡಿಸಿದ್ದೀವಿ, ಒಂದು ಟೆಂಪೋ ಆಗುತ್ತೆ. ಕಳಿಸಲಾ?

ಬೇಡ. ಒಮ್ಮೆ ಇಳಿಸಿಕೊಂಡು ಎಂಟು ಜನ ಎರಡು ದಿನ ಬಟ್ಟೆ ವಿಂಗಡಿಸಿದೆವು. ಮದುವೆಯ ಕೋಟು, ಹರಿದ ಜೀನ್ಸು, ಒಂಟಿ ಕಾಲುಚೀಲ. ಮಳೆಯಲ್ಲಿ ನೆಂದು ಕೊನೆಗೆ ಅದೇ ಕಸವಾಯಿತು. ಅದೇ ಟೆಂಪೋದಲ್ಲಿ ಹೊಸ ಚಾದರ, ಚಾಪೆ, ಹೊಸ ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಬಕೆಟ್, ಸಲಿಕೆ ಬಂದರೆ ಅವತ್ತೇ ಖಾಲಿ ಆಗುತ್ತದೆ. ಏನು ಕಡಿಮೆ ಇದೆ ಅಂತ ಕೇಳಿ ಕಳಿಸಿ.

## ನೀರು ಇಳಿದ ಮೇಲೆ

ಒಂದು ಮನೆಯ ಕೆಸರು ತೆಗೆಯೋದಕ್ಕೆ ಎಷ್ಟು ಜನ ಬೇಕು? ಅಷ್ಟು ಕಷ್ಟದ ಕೆಲಸನಾ?

ಲೆಕ್ಕ ಹಾಕಿಯೇ ನೋಡೋಣ. ಪಡಸಾಲೆ, ಅಡುಗೆಮನೆ, ಒಂದು ಕೋಣೆ. ಒಂದೊಂದೂ 10 ಅಡಿಗೆ 12 ಅಡಿ ಅಂದುಕೊಳ್ಳಿ. ಒಟ್ಟು 360 ಚದರ ಅಡಿ. ಕೆಸರು ನಾಲ್ಕು ಇಂಚು ನಿಂತಿದೆ. ಅಂದರೆ 120 ಘನ ಅಡಿ. ಹಸಿ ಕೆಸರು ಘನ ಅಡಿಗೆ ಐವತ್ತು ಕಿಲೋ ಹತ್ತಿರ ತೂಗುತ್ತದೆ. ಒಟ್ಟು ಸುಮಾರು ಆರು ಟನ್. ಒಂದು ಬುಟ್ಟಿಯಲ್ಲಿ 15 ಕಿಲೋ ತುಂಬಿದರೆ 400 ಬುಟ್ಟಿ. ನೋಡುವುದಕ್ಕೆ ನಾಲ್ಕೇ ಇಂಚು, ಅಲ್ವಾ?

ನಾವು ಒಂದು ಮನೆಗೆ ಎಂಟು ಜನರನ್ನು ಹಾಕುತ್ತೇವೆ. ಇಬ್ಬರು ಒಳಗೆ ಸಲಿಕೆ ಹಿಡಿಯುತ್ತಾರೆ. ನಾಲ್ವರು ಬುಟ್ಟಿ ಹೊರುತ್ತಾರೆ, ಒಬ್ಬರಿಗೆ ನೂರು ಬುಟ್ಟಿ. ಇಬ್ಬರು ಹೊರಗೆ ಪಾತ್ರೆ, ಪೆಟ್ಟಿಗೆ ತೊಳೆದು ಮನೆಯವರ ಮುಂದೆ ಇಡುತ್ತಾರೆ. ಅರ್ಧ ಗಂಟೆಗೊಮ್ಮೆ ಜಾಗ ಬದಲಿ. ಬೆಳಗ್ಗೆ 8ಕ್ಕೆ ಶುರು ಮಾಡಿದರೆ ಎರಡಕ್ಕೆ ನೆಲ ಕಾಣುತ್ತದೆ. ಒಂದು ದಿನಕ್ಕೆ ಒಂದು ಮನೆ. ಅದಕ್ಕೇ ನಮಗೆ ಜನ ಸಾಲುವುದಿಲ್ಲ.

ಒಳಕೋಣೆಯಿಂದ ಶುರು ಮಾಡಿ ಬಾಗಿಲ ಕಡೆ ಬರಬೇಕು. ಕೆಸರನ್ನು ಬೀದಿಯ ಒಂದೇ ಮಗ್ಗುಲಿಗೆ ಹಾಕಬೇಕು, ಗಟಾರಕ್ಕೆ ಅಲ್ಲ. ಮನೆಯ ಒಂದು ವಸ್ತುವನ್ನೂ ಕೇಳದೆ ಎಸೆಯಬಾರದು. ನೆಂದು ಉಬ್ಬಿದ ಮದುವೆ ಫೋಟೋ ನಿಮಗೆ ಕಸ, ಅವರಿಗೆ ಅಲ್ಲ.

ತಡ ಮಾಡಿದರೆ ಕೆಲಸ ಹೆಚ್ಚುತ್ತದೆ. ಇದು ಎರೆಮಣ್ಣು. ಹಸಿ ಇದ್ದಾಗ ಸಲಿಕೆಗೆ ಬರುತ್ತದೆ. ಬಿಸಿಲು ಬಿದ್ದು ಒಣಗಿದರೆ ಬಿರುಕು ಬಿಟ್ಟು ಕಲ್ಲಾಗುತ್ತದೆ, ಗುದ್ದಲಿ ತಗೊಂಡು ಅಗೆಯಬೇಕು. ಮೂರನೇ ದಿನದಿಂದ ಬನ್ನಿ ಅಂತ ಮೇಲೆ ಹೇಳಿದ್ದು ಇದಕ್ಕೇ.

ನೀರು ಇಳಿದ ತಕ್ಷಣ ಕೆಸರು ತೆಗೀಬಹುದಲ್ಲ? ಫೋಟೋ, ಪಂಚನಾಮೆ ಅಂತ ಯಾಕೆ ಕಾಯಿಸ್ತೀರಿ?

ಇದು ನಾವು ತಪ್ಪು ಮಾಡಿ ಕಲಿತದ್ದು. ಮೊದಲ ವರ್ಷ ಒಂದು ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಒಬ್ಬಳೇ ಇರುವ ಅಜ್ಜಿಯ ಮನೆ. ಆರು ಹುಡುಗರು ಹುಮ್ಮಸ್ಸಿನಲ್ಲಿ ಒಂದೇ ದಿನಕ್ಕೆ ಬಿದ್ದ ಮಣ್ಣನ್ನೆಲ್ಲ ಎತ್ತಿ, ತಗಡು ಕಟ್ಟಿ, ನೆಲ ಸಾರಿಸಿ ಕೊಟ್ಟರು. ನಾಲ್ಕು ದಿನ ಬಿಟ್ಟು ಸರ್ಕಾರದ ಕಡೆಯಿಂದ ಹಾನಿ ನೋಡಿ ಪಂಚನಾಮೆ ಬರೆಯುವವರು ಬಂದರು. ನೋಡಿದರೆ ಮನೆ ಚೊಕ್ಕ ಇದೆ, ತಗಡಿನ ಗೋಡೆ ಇದೆ. ಬಿದ್ದದ್ದು ಯಾವಾಗ, ನೆರೆಗೆ ಬಿತ್ತೋ ಮೊದಲೇ ಬಿದ್ದಿತ್ತೋ ಅಂತ ಕೇಳಿದರು. ನಮ್ಮ ಹತ್ತಿರ ಒಂದೇ ಒಂದು ಫೋಟೋ ಇರಲಿಲ್ಲ. ಹುಡುಗರು ಕೆಲಸ ಮುಗಿದ ಮೇಲೆ ಅಜ್ಜಿಯ ಜತೆ ನಿಂತು ತೆಗೆಸಿಕೊಂಡ ಫೋಟೋ ಇತ್ತು. ಅದರಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಮುಂದೆ ಅಕ್ಕಪಕ್ಕದವರ ಹೇಳಿಕೆ ಬರೆಸಿ, ಅರ್ಜಿ ಮೇಲೆ ಅರ್ಜಿ ಕೊಟ್ಟು, ಅಜ್ಜಿಯ ಕೆಲಸ ಆಗುವುದಕ್ಕೆ ತಿಂಗಳುಗಳೇ ಬೇಕಾದವು.

ಮನೆ ಹಾನಿಯನ್ನು ಎ, ಬಿ, ಸಿ ಅಂತ ವರ್ಗ ಮಾಡುತ್ತಾರೆ. ಎಷ್ಟು ಭಾಗ ಬಿದ್ದಿದೆ ಅನ್ನುವುದರ ಮೇಲೆ ವರ್ಗ, ವರ್ಗದ ಮೇಲೆ ಪರಿಹಾರದ ಹಣ. ಬಿದ್ದದ್ದು ಕಾಣದಿದ್ದರೆ ಮನೆ ಕೆಳಗಿನ ವರ್ಗಕ್ಕೆ ಇಳಿಯುತ್ತದೆ, ಇಲ್ಲವೇ ಪಟ್ಟಿಯಲ್ಲೇ ಇರುವುದಿಲ್ಲ.

ಈಗಿನ ಕ್ರಮ ಹೀಗಿದೆ. ಸಲಿಕೆ ಮುಟ್ಟುವ ಮುಂಚೆ ಒಬ್ಬರು ಫೋಟೋ ತೆಗೆಯಬೇಕು: ಬೀದಿಯಿಂದ ಇಡೀ ಮನೆ, ಮನೆ ನಂಬರ್ ಕಾಣುವ ಹಾಗೆ ಬಾಗಿಲು, ಪ್ರತಿ ಕೋಣೆಯ ನಾಲ್ಕೂ ಮೂಲೆ, ಗೋಡೆಯ ಮೇಲೆ ನೀರು ನಿಂತ ಗೆರೆ. ಆ ಗೆರೆಯ ಪಕ್ಕ ಟೇಪು ಹಿಡಿದು ಒಂದು ಫೋಟೋ. ಬಿದ್ದ ಗೋಡೆಯ ಹತ್ತಿರ ಮನೆಯವರು ನಿಂತಿರಬೇಕು, ನೀವಲ್ಲ. ಫೋಟೋಗಳನ್ನು ಅವರ ಫೋನಿಗೇ ಹಾಕಿ ಕೊಡಿ. ಗೋಡೆ ಬೀಳದೆ ಬರೀ ಕೆಸರು ತುಂಬಿದ ಮನೆಯಾದರೆ ಫೋಟೋ ಆದ ಕೂಡಲೇ ಕೆಲಸ ಶುರು ಮಾಡಬಹುದು. ಗೋಡೆ, ಮಾಡು ಬಿದ್ದ ಮನೆಯಾದರೆ ಬಿದ್ದದ್ದನ್ನು ಹಾಗೇ ಬಿಟ್ಟು ಉಳಿದ ಕೋಣೆ ಸ್ವಚ್ಛ ಮಾಡಿ. ಪಂಚನಾಮೆ ಆದ ಮೇಲೆ ಮತ್ತೆ ಬರುತ್ತೇವೆ.

ಗೋಡೆ ನಿಂತಿದೆ, ನೀರೂ ಹೋಗಿದೆ. ಇನ್ನೇನು ಭಯ?

ಮಣ್ಣಿನ ಗೋಡೆ ಬೀಳುವುದು ನೀರಿದ್ದಾಗಲೇ ಅಂತಿಲ್ಲ, ನೀರು ಹೋದ ಮೇಲೂ ಬೀಳುತ್ತದೆ. ನೀರಿದ್ದಾಗ ಎರಡೂ ಕಡೆಯ ಒತ್ತಡ ಅದನ್ನು ಹಿಡಿದುಕೊಂಡಿರುತ್ತದೆ. ನೀರು ಇಳಿದರೆ ನೆಂದು ಭಾರವಾದ ಗೋಡೆ ಮೆತ್ತಗಾದ ಬುಡದ ಮೇಲೆ ನಿಲ್ಲಬೇಕು. ಮೂರು ದಿನ ನಿಂತು ನಾಲ್ಕನೇ ದಿನ ಬಿಸಿಲಿಗೆ ಕುಸಿದದ್ದೂ ಇದೆ.

ಒಳಗೆ ಹೋಗುವ ಮುಂಚೆ ಹೊರಗಿನಿಂದ ಒಂದು ಸುತ್ತು ಹಾಕಿ. ಗೋಡೆ ಹೊಟ್ಟೆ ಬಿಟ್ಟ ಹಾಗೆ ಉಬ್ಬಿದೆಯಾ? ಬುಡದಲ್ಲಿ ಮಣ್ಣು ಉದುರುತ್ತಿದೆಯಾ? ಮೂಲೆಯಲ್ಲಿ ಮೇಲಿಂದ ಕೆಳಗೆ ಬಿರುಕು ಇದೆಯಾ? ಮೊದಲು ಸರಿಯಾಗಿ ಹಾಕುತ್ತಿದ್ದ ಬಾಗಿಲು ಈಗ ಚೌಕಟ್ಟಿಗೆ ಕೂರುತ್ತಿಲ್ಲವಾ? ಇದರಲ್ಲಿ ಒಂದಿದ್ದರೂ ಒಳಗೆ ಹೋಗಬೇಡಿ. ಮೇಲ್ಮುದ್ದೆ ಮನೆಯಾದರೆ ಇನ್ನೂ ಹುಷಾರು, ತಲೆ ಮೇಲೆ ಟನ್‌ಗಟ್ಟಲೆ ನೆಂದ ಮಣ್ಣು ಇರುತ್ತದೆ.

ಇನ್ನೆರಡು ಮಾತು. ಕರೆಂಟಿನ ಮೇನ್ ಸ್ವಿಚ್ಚನ್ನು ಲೈನ್‌ಮನ್ ನೋಡಿ ಹೇಳುವ ತನಕ ಯಾರೂ ಮುಟ್ಟಬಾರದು. ಹಳೆ ಮನೆಗಳಲ್ಲಿ ನೆಲದೊಳಗೆ ಜೋಳ ತುಂಬುವ ಹಗೇವು ಇದೆಯಾ ಅಂತ ಮನೆಯವರನ್ನು ಕೇಳಿ. ಕೆಸರಿನಡಿ ಅದರ ಬಾಯಿ ಕಾಣುವುದಿಲ್ಲ. ನೆಂದ ಕಾಳು ಕೊಳೆತು ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವರು ಎಚ್ಚರ ತಪ್ಪುತ್ತಾರೆ. ಅದರ ಸುತ್ತ ಹಗ್ಗ ಕಟ್ಟಿ, ಬಿಟ್ಟು ಬನ್ನಿ.

ಇಲಿ ಜ್ವರ ಬರುತ್ತೆ ಅಂತಾರೆ. ಕೆಸರಲ್ಲಿ ಕೆಲಸ ಮಾಡೋಕೆ ಭಯ ಆಗುತ್ತೆ.

ಭಯ ಸರಿಯೇ. ಇಲಿಯ ಮೂತ್ರದ ರೋಗಾಣು ಕೆಸರು ನೀರಲ್ಲಿ ಇರುತ್ತದೆ. ಚರ್ಮದ ಗಾಯದಿಂದ, ಹೊತ್ತುಗಟ್ಟಲೆ ನೆಂದ ಚರ್ಮದಿಂದ, ಕಣ್ಣು ಬಾಯಿಂದ ಒಳಗೆ ಹೋಗುತ್ತದೆ. ಗಂಬೂಟು, ರಬ್ಬರ್ ಗ್ಲೌಸ್ ನಾವು ಕೊಡುತ್ತೇವೆ. ಬೆಚ್ಚಗಾಗುತ್ತದೆ ಅಂತ ತೆಗೆದಿಡುವವರನ್ನು ಮನೆಗೆ ಕಳಿಸುತ್ತೇವೆ, ಇದರಲ್ಲಿ ದಾಕ್ಷಿಣ್ಯ ಇಲ್ಲ. ಕಾಲಲ್ಲಿ ಗಾಯ ಇದ್ದರೆ ಕೆಸರಿನ ಕೆಲಸ ಬೇಡ, ಬರೆಯುವ ಕೆಲಸ ಮಾಡಿ. ಟಿಟಿ ಇಂಜೆಕ್ಷನ್ ಮೊದಲೇ ಹಾಕಿಸಿಕೊಂಡು ಬನ್ನಿ. ಮುಂಜಾಗ್ರತೆಯ ಮಾತ್ರೆ ಬೇಕಾ ಅನ್ನುವುದನ್ನು ಆರೋಗ್ಯ ಕೇಂದ್ರದ ಡಾಕ್ಟರು ಹೇಳುತ್ತಾರೆ, ಅಂಗಡಿಯಲ್ಲಿ ಕೇಳಿ ನುಂಗಬೇಡಿ.

ಮುಖ್ಯವಾದದ್ದು ಮನೆಗೆ ಹೋದ ಮೇಲಿನದು. ಈ ಜ್ವರ ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು ಬರುತ್ತದೆ, ಕೆಲವೊಮ್ಮೆ ನಾಲ್ಕು ವಾರವೂ ಆಗಬಹುದು. ಅಷ್ಟೊತ್ತಿಗೆ ನೀವು ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇರುತ್ತೀರಿ. ಜ್ವರ, ಮೀನಖಂಡದಲ್ಲಿ ಜೋರು ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರ ಹತ್ತಿರ ಹೋಗಿ, ನೆರೆಯ ಕೆಸರಲ್ಲಿ ಕೆಲಸ ಮಾಡಿದ್ದೆ ಅಂತ ಮೊದಲ ಮಾತಿನಲ್ಲೇ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

## ಅನುಭವ ಇದ್ದವರ ಪ್ರಶ್ನೆಗಳು

ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರೆ.

ಮೊದಲು, ಪಂಚಾಯಿತಿಯ ನೀರಗಂಟಿ ಇಲ್ಲದೆ ಯಾವ ಬಾವಿಯನ್ನೂ, ಟ್ಯಾಂಕನ್ನೂ ಮುಟ್ಟುವುದಿಲ್ಲ. ನೆರೆ ನೀರು ನುಗ್ಗಿದ ಬಾವಿಯಾದರೆ ಪಂಪು ಹಾಕಿ ರಾಡಿ ನೀರು ಹೊರಹಾಕಿ, ಕೆಸರು ತೆಗೆದು, ಹೊಸ ನೀರು ಬಂದ ಮೇಲೆಯೇ ಪೌಡರು. ರಾಡಿ ನೀರಿಗೆ ಎಷ್ಟು ಹಾಕಿದರೂ ದಂಡ.

ನೀರಿನ ಅಳತೆ ಹೀಗೆ: ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಅದನ್ನು ನೀರಿನ ಆಳದಿಂದ, ಆಮೇಲೆ 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ. ಅಡ್ಡಳತೆ 3 ಮೀಟರ್, ನೀರು 4 ಮೀಟರ್ ಇದ್ದರೆ 28.26 ಘನ ಮೀಟರ್, ಅಂದರೆ ಸುಮಾರು 28,000 ಲೀಟರ್. ಒಳ್ಳೆಯ ಪೌಡರು ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಈ ಬಾವಿಗೆ 70 ಗ್ರಾಂ ಆಯಿತು. ಬರೀ ಒಂದು ಹಿಡಿ. ಕಿಲೋಗಟ್ಟಲೆ ಸುರಿದು ಬರುವವರನ್ನು ನೋಡಿದ್ದೇವೆ. ವಾಸನೆಗೆ ಯಾರೂ ಆ ನೀರು ಕುಡಿಯುವುದಿಲ್ಲ, ಮತ್ತೆ ಹೊಳೆ ನೀರೇ ತರುತ್ತಾರೆ.

ಪೌಡರನ್ನು ನೇರ ಬಾವಿಗೆ ಎಸೆಯಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಜಿಯ ಹಾಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ತಿರುವಿ, ಹತ್ತು ನಿಮಿಷ ಬಿಡಿ. ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಹೊರಗೆ ಚೆಲ್ಲಿ.

ಒಂದು ಗಂಟೆ ಬಿಟ್ಟು ನೀರು ಪರೀಕ್ಷೆ ಮಾಡಿ. ಆರೋಗ್ಯ ಸಿಬ್ಬಂದಿಯ ಹತ್ತಿರ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಇರುತ್ತದೆ. ನೀರಿಗೆ ದ್ರಾವಣದ ಹನಿ ಹಾಕಿದರೆ ಹಳದಿ ಬಣ್ಣ ಬರಬೇಕು, ಲೀಟರಿಗೆ 0.5 ಮಿಲಿಗ್ರಾಂ ಗುರುತಿಗೆ ತಾಳೆಯಾಗಬೇಕು. ಬಣ್ಣ ಬರದಿದ್ದರೆ ಬಾವಿಯ ಹೊಲಸು ಕ್ಲೋರಿನ್ ತಿಂದುಹಾಕಿದೆ, ಇನ್ನೊಂದು ಸಲ ಹಾಕಬೇಕು. ನೆರೆ ಹೋದ ಬಾವಿಗಳಲ್ಲಿ ಎರಡು, ಮೂರು ಸಲ ಆಗುವುದು ಸಾಮಾನ್ಯ. ಎರಡೂವರೆ ಗ್ರಾಂ ಅನ್ನುವುದು ಶುರು ಮಾಡುವ ಲೆಕ್ಕ ಮಾತ್ರ. ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣವೂ ಅದೇ. ಬಾಯಿ ಬಿಚ್ಚಿಟ್ಟ ಚೀಲದ ಪೌಡರಿಗೆ ಬಲ ಇರುವುದಿಲ್ಲ. ಗಂಟು ಕಟ್ಟಿದ್ದರೆ, ಘಾಟು ಬರದಿದ್ದರೆ ಬೇರೆ ಚೀಲ ತೆಗೆಯಿರಿ.

ನನಗೆ ಮಂಡಿ ನೋವು, ಊರೂ ದೂರ. ಕೂತು ಮಾಡೋ ಕೆಲಸ ಏನಾದ್ರೂ ಇದೆಯಾ?

ಇದೆ, ಮತ್ತು ಅದಕ್ಕೇ ಜನ ಕಡಿಮೆ. ಕಾಗದದ ಕೆಲಸ. ನೀರು ಇಳಿದ ಎರಡನೇ ವಾರದಿಂದ ಪ್ರತಿ ಊರಿನಲ್ಲಿ ಒಂದು ಮೇಜು ಹಾಕುತ್ತೇವೆ. ಜನ ಒದ್ದೆ ಚೀಲದಲ್ಲಿ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಉತಾರ ತರುತ್ತಾರೆ. ಅಂಟಿಕೊಂಡದ್ದನ್ನು ಎಳೆದು ಬಿಡಿಸಬೇಡಿ. ನೆರಳಲ್ಲಿ ಆರಲು ಬಿಟ್ಟು, ನಂಬರ್ ಓದಲು ಬಂದರೆ ಮೊದಲು ಫೋಟೋ ತೆಗೆಯಿರಿ. ನಿವೃತ್ತ ಶಿಕ್ಷಕರು, ಬ್ಯಾಂಕಿನಲ್ಲಿ ಇದ್ದವರು ಬಂದರೆ ನಮಗೆ ಹಬ್ಬ.

ದೂರ ಇರುವವರು ಫೋನಿನಲ್ಲಿ ಇದನ್ನೇ ಮಾಡಬಹುದು. ಒಬ್ಬರಿಗೆ 20 ಮನೆ ಕೊಡುತ್ತೇವೆ. ವಾರಕ್ಕೆ ಎರಡು ಸಂಜೆ, ಎರಡೆರಡು ಗಂಟೆ, ಮೂರು ತಿಂಗಳು. ಅದೇ 20 ಮನೆಗೆ ಪ್ರತಿ ವಾರ ನೀವೇ ಫೋನ್ ಮಾಡಬೇಕು: ಪಂಚನಾಮೆ ಆಯಿತಾ, ಪಟ್ಟಿಯಲ್ಲಿ ಹೆಸರು ಬಂತಾ, ಹಣ ಖಾತೆಗೆ ಬಿತ್ತಾ. ಹಣ ಬೀಳದಿರುವುದಕ್ಕೆ ನಾವು ಹೆಚ್ಚಾಗಿ ಕಂಡ ಕಾರಣ ಎರಡು. ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಇಲ್ಲವೇ ಮನೆ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇರುತ್ತದೆ. ಮೊದಲನೆಯದು ಬ್ಯಾಂಕಿಗೆ ಹೋದರೆ ಮುಗಿಯುತ್ತದೆ. ಎರಡನೆಯದಕ್ಕೆ ವಾರಸಾ ಮಾಡಿಸಬೇಕು, ಅಣ್ಣತಮ್ಮಂದಿರ ಒಪ್ಪಿಗೆ ಬೇಕು, ಹೊತ್ತು ಹಿಡಿಯುತ್ತದೆ. ಇದನ್ನು ಈಗ ಜೂನ್‌ನ ಮನೆ ಪಟ್ಟಿಯಲ್ಲೇ ಕೇಳಿ ಬರೆದುಕೊಳ್ಳುತ್ತೇವೆ.

ಸರಿ, ಹೆಸರು ಕೊಡ್ತೀನಿ. ಏನೇನು ಬರೆದು ಕಳಿಸಬೇಕು?

ಹೆಸರು, ವಯಸ್ಸು, ಈಗ ಇರುವ ಊರು. ರಕ್ತದ ಗುಂಪು. ದಿನಾ ತಗೊಳ್ಳುವ ಮಾತ್ರೆ ಇದ್ದರೆ ಅದು. ಬರುವ ಭಾಷೆಗಳು. ಟ್ರ್ಯಾಕ್ಟರ್ ಓಡಿಸಲು, ಪಂಪ್‌ಸೆಟ್ ರಿಪೇರಿ ಮಾಡಲು ಬರುತ್ತಾ. ಮೂರು ಹೊತ್ತಿನ ಕೆಲಸದಲ್ಲಿ ಯಾವುದು, ಅಥವಾ ಫೋನಿನ ಕೆಲಸವಾ. ಯಾವ ತಾರೀಖಿನಿಂದ ಯಾವ ತಾರೀಖಿನ ತನಕ. ಮನೆಯವರೊಬ್ಬರ ಫೋನ್ ನಂಬರ್, ಅವರಿಗೆ ನೀವು ಬರುವುದು ಗೊತ್ತಿರಬೇಕು. ನಿಮ್ಮ ಗಂಬೂಟಿನ ಅಳತೆಯನ್ನೂ ಬರೆಯಿರಿ. ಹೋದ ಸಲ ಎಲ್ಲರಿಗೂ 8ನೇ ನಂಬರ್ ತಂದು, ಅರ್ಧ ಜನ ಕಾಲಿಗೆ ಬಟ್ಟೆ ಸುತ್ತಿಕೊಂಡು ಹಾಕಿಕೊಂಡರು.